ಬಣ್ಣ ಬಾರದ ರಂಜಕ: ಕಿಟ್ಟಿನಲ್ಲಿ ಮಣ್ಣು ಪರೀಕ್ಷೆ, ನನ್ನ ಅನುಭವ

ಬೀನ್ಸ್ ಗಿಡಗಳ ಹೊಸ ಎಲೆಗಳು ಹಳದಿಯಾಗಿದ್ದವು. ನರ ಮಾತ್ರ ಹಸಿರು, ನಡುವಿನ ಭಾಗ ಪೂರ್ತಿ ಹಳದಿ. ಕೆಳಗಿನ ಹಳೇ ಎಲೆಗಳು ಚೆನ್ನಾಗೇ ಇದ್ದವು. ಸಾರಜನಕ ಕಮ್ಮಿಯಾದರೆ ಮೊದಲು ಹಳದಿಯಾಗೋದು ಹಳೇ ಎಲೆ, ಹೊಸದಲ್ಲ. ಹಾಗಾಗಿ ಇದು ಕಬ್ಬಿಣದ ಕೊರತೆ ಇರಬಹುದು ಅನ್ನಿಸಿತು. ಕಬ್ಬಿಣ ಮಣ್ಣಲ್ಲಿ ಇದ್ದರೂ ರಸಸಾರ, ಅಂದರೆ ಪಿಎಚ್, ಜಾಸ್ತಿ ಇದ್ದರೆ ಬೇರಿಗೆ ಸಿಗೋದಿಲ್ಲ. ಮೊದಲು ಪಿಎಚ್ ನೋಡೋಣ ಅಂತ ಹೊರಟೆ.

ನನ್ನ ಹತ್ತಿರ ಎರಡು ಕಡ್ಡಿಯ ಒಂದು ಮೀಟರ್ ಇತ್ತು. ಬ್ಯಾಟರಿ ಇಲ್ಲದ, ಮಣ್ಣಿಗೆ ಚುಚ್ಚುವ ಬಗೆ. ಚುಚ್ಚಿದೆ, ಮುಳ್ಳು 6.5 ತೋರಿಸಿತು. ನೀರು ಹಾಕಿ ಅದೇ ಜಾಗದಲ್ಲಿ ಮತ್ತೆ ಚುಚ್ಚಿದೆ, 7 ದಾಟಿತು. ಕಡ್ಡಿಯ ಸುತ್ತ ಮಣ್ಣನ್ನು ಬೆರಳಿನಿಂದ ಒತ್ತಿದೆ, ಮುಳ್ಳು ಮತ್ತೆ ಸರಿಯಿತು. ಒತ್ತಿದ್ದಕ್ಕೆ ಮಣ್ಣಿನ ಪಿಎಚ್ ಬದಲಾಗುತ್ತಾ? ಈ ಮೀಟರಿನಲ್ಲಿ ಇರೋದು ಎರಡು ಬೇರೆ ಬೇರೆ ಲೋಹ. ಒದ್ದೆ ಮಣ್ಣು ತಾಗಿದಾಗ ಅವುಗಳ ನಡುವೆ ಸಣ್ಣ ಕರೆಂಟ್ ಹರಿಯುತ್ತೆ, ಮುಳ್ಳು ಅಲ್ಲಾಡುತ್ತೆ. ಆ ಕರೆಂಟಿನಲ್ಲಿ ತೇವ, ಲವಣ, ಮಣ್ಣು ಎಷ್ಟು ಬಿಗಿಯಾಗಿ ಅಂಟಿದೆ ಅನ್ನೋದು ಎಲ್ಲಾ ಸೇರಿರುತ್ತೆ. ಅವತ್ತೇ ಅದನ್ನು ಪಕ್ಕಕ್ಕಿಟ್ಟೆ.

ಆಮೇಲೆ ಗಾಜಿನ ಬಲ್ಬ್ ಇರುವ ಪಿಎಚ್ ಪೆನ್ ತಂದೆ. ಅದಕ್ಕೂ ಮೊದಲು ಮಣ್ಣು ಸರಿಯಾಗಿ ತೆಗೆಯಬೇಕು. ತಾಕಿನಲ್ಲಿ ಅಂಕುಡೊಂಕಾಗಿ ನಡೆದು 12 ಕಡೆ, 15 ಸೆಂಟಿಮೀಟರ್ ಆಳದ ತನಕ, ಮೇಲಿನ ಕಸ ಸರಿಸಿ, ತೋಡಿದ ಗುಂಡಿಯ ಗೋಡೆಯಿಂದ ಒಂದೇ ದಪ್ಪದ ಮಣ್ಣಿನ ಹೋಳು ತೆಗೆದೆ. ಗೊಬ್ಬರ ಬಿದ್ದ ಜಾಗ, ಬದು, ನೀರು ನಿಲ್ಲುವ ಮೂಲೆ ಬಿಟ್ಟೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ನೆರಳಲ್ಲಿ ತೆಳ್ಳಗೆ ಹರವಿ ಒಣಗಿಸಿ, ಹೆಂಟೆ ಪುಡಿ ಮಾಡಿ ಜರಡಿ ಹಿಡಿದೆ.

ಬಫರ್ ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣ; ಪೆನ್ನನ್ನು ಮೊದಲು 7.00 ಬಫರಿನಲ್ಲಿ, ಆಮೇಲೆ 10.01 ಬಫರಿನಲ್ಲಿ ಸರಿಹೊಂದಿಸಿದೆ. ನನಗೆ ಕ್ಷಾರದ ಕಡೆ ಸಂಶಯ ಇತ್ತು, ಅದಕ್ಕೆ 10. ಹುಳಿ ಮಣ್ಣು ಅನ್ನಿಸಿದರೆ 4.01 ತಗೊಳ್ಳಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ 7 ಬರುತ್ತಾ ಅಂತ ನೋಡೋರು ಇದ್ದಾರೆ. ಅದು ತಪ್ಪು ದಾರಿ. ಆ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು 5.6ರ ಹತ್ತಿರ ಇಳಿದಿರುತ್ತೆ. ಅದರಲ್ಲಿ ಲವಣವೂ ಇಲ್ಲದ ಕಾರಣ ಒಳ್ಳೇ ಪೆನ್ನೂ ಅಲ್ಲಿ ನಿಲ್ಲದೆ ತೇಲಾಡುತ್ತೆ.

20 ಗ್ರಾಂ ಮಣ್ಣಿಗೆ 50 ಮಿಲಿ ಬಟ್ಟಿ ಇಳಿಸಿದ ನೀರು. ಅರ್ಧ ಗಂಟೆ, ಆಗಾಗ ಕಲಕುತ್ತಾ ಇದ್ದೆ. ಪೆನ್ ಅದ್ದಿ, ಅಂಕಿ ಒಂದು ನಿಮಿಷ ಅಲ್ಲಾಡದೆ ನಿಂತ ಮೇಲೆ ಬರೆದುಕೊಂಡೆ: 8.0. ಅದೇ ಪುಡಿಯಿಂದ ಇನ್ನೆರಡು ಲೋಟ ಮಾಡಿದೆ: 8.1, 8.0. ಕೊನೆಗೆ ಪೆನ್ನನ್ನು ಮತ್ತೆ 7.00 ಬಫರಿಗೆ ಅದ್ದಿದೆ, 7.03 ಬಂತು. ನಾನು ನಂಬಿದ್ದು ಈ ಕೊನೆಯ ಅದ್ದುವಿಕೆಯನ್ನು. ಶುರುವಿನಲ್ಲಿ ಸರಿ ಇದ್ದ ಪೆನ್ ಕೆಸರಿನಲ್ಲಿ ಕೆಟ್ಟಿರಬಹುದು, ಬಲ್ಬ್ ಮೇಲೆ ಜೇಡಿ ಅಂಟಿರಬಹುದು. ಕೊನೆಗೂ ಬಫರ್ ಸರಿ ತೋರಿಸಿದರೆ ನಡುವಿನ ಅಂಕಿಗಳನ್ನು ನಂಬಬಹುದು.

ಇನ್ನೊಂದು ಚಿಟಿಕೆ ಒಣ ಮಣ್ಣಿನ ಮೇಲೆ ವಿನೆಗರ್ ಹಾಕಿದೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರ್ ಅನ್ನೋ ಸದ್ದು, ಆಮೇಲೆ ಗುಳ್ಳೆ. ಅಂದರೆ ಮಣ್ಣಲ್ಲಿ ಸುಣ್ಣ ಇದೆ. ಸುಣ್ಣ ಇರುವ ಮಣ್ಣಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 8.4ರ ಒಳಗೆ ನಿಲ್ಲುತ್ತೆ. 8.5 ದಾಟಿದ್ದರೆ ಸೋಡಿಯಂ ಬಗ್ಗೆ ಯೋಚಿಸಬೇಕಿತ್ತು. ಪೆನ್ನು, ವಿನೆಗರ್, ಎಲೆ ಮೂರೂ ಒಂದೇ ಮಾತು ಹೇಳಿದವು.

ಇಲ್ಲಿ ಗಂಧಕ ಹಾಕಿ ಪಿಎಚ್ ಇಳಿಸೋಣ ಅನ್ನೋ ಆಸೆ ಬರುತ್ತೆ. ಲೆಕ್ಕ ಹಾಕಿದೆ. 100 ಕಿಲೋ ಮಣ್ಣಲ್ಲಿ 1 ಕಿಲೋ ಸುಣ್ಣ ಇದ್ದರೆ, ಅದನ್ನು ಕರಗಿಸೋಕೆ 320 ಗ್ರಾಂ ಗಂಧಕ ಬೇಕು. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತೆ. ಅಲ್ಲಿಗೆ ಗಂಧಕ 6 ಟನ್ ದಾಟಿತು, ಅದೂ ಬರೀ ಶೇ. 1 ಸುಣ್ಣಕ್ಕೆ. ಆ ಯೋಚನೆ ಅಲ್ಲೇ ಬಿಟ್ಟೆ.

ಲವಣಾಂಶ, ಅಂದರೆ ಇ.ಸಿ., ನೋಡುವಾಗ ಒಂದು ದೊಡ್ಡ ತಪ್ಪು ಮಾಡಿದ್ದೆ. ಬಟ್ಟಿ ಇಳಿಸಿದ ನೀರು ಮುಗಿದಿತ್ತು, ನಲ್ಲಿ ನೀರು ಬಳಸಿದೆ. 1 ಭಾಗ ಮಣ್ಣಿಗೆ 5 ಭಾಗ ನೀರು. ಇ.ಸಿ. ಪೆನ್ನಿನ ಪರದೆಯ ಮೇಲೆ 0.68 mS/cm. ಈ ತೆಳು ದ್ರಾವಣದ ಅಂಕಿಯನ್ನು ಬೇರಿನ ಸುತ್ತ ಇರುವ ಗಟ್ಟಿ ದ್ರಾವಣಕ್ಕೆ ಹೊಂದಿಸಲು ಗುಣಿಸಬೇಕು. ಜೇಡಿ ಮಣ್ಣಿಗೆ ಸುಮಾರು 7, ಮರಳು ಮಣ್ಣಿಗೆ ಅದರ ಎರಡರಷ್ಟು. ನನ್ನದು ಜೇಡಿ. ಗುಣಿಸಿದರೆ 4.8. ಬೀನ್ಸ್ ಇಳುವರಿ 1 ದಾಟಿದ ಮೇಲೆ ಇಳಿಯೋಕೆ ಶುರುವಾಗುತ್ತೆ, ಹಾಗಾದರೆ ನನ್ನ ಮಣ್ಣು ಉಪ್ಪುಮಣ್ಣು ಅಂತ ಅರ್ಥ! ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಬರೀ ನಲ್ಲಿ ನೀರಿಗೇ ಪೆನ್ ಅದ್ದಿದೆ: 0.6. ಹೆಚ್ಚುಕಮ್ಮಿ ಅಷ್ಟೂ ನೀರಿನ ಲವಣವೇ.

ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮಾಡಿದಾಗ 0.11 ಬಂತು. 7ರಿಂದ ಗುಣಿಸಿದರೆ ಸುಮಾರು 0.8. ಲವಣದ ತೊಂದರೆ ಇಲ್ಲ. ಅವತ್ತಿನಿಂದ ಪ್ರತಿ ಸಲವೂ ಮಣ್ಣಿಲ್ಲದ ಒಂದು ಲೋಟ ಬರೀ ನೀರು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಾತು: ಬೇರೆಯವರ ಇ.ಸಿ. ಅಂಕಿ ನೋಡಿದರೆ ಮೊದಲು ಮಣ್ಣಿಗೆ ಎಷ್ಟು ನೀರು ಸೇರಿಸಿದ್ದು ಅಂತ ಕೇಳಿ. ಅದು ಗೊತ್ತಿಲ್ಲದೆ ನಿಮ್ಮ ಅಂಕಿಗೂ ಅವರ ಅಂಕಿಗೂ ತಾಳೆ ನೋಡೋ ಹಾಗಿಲ್ಲ. ಇನ್ನು ಆ ಗುಣಿಸುವ ಸಂಖ್ಯೆಯೂ ಅಂದಾಜು. 0.8 ಮತ್ತು 1ರ ನಡುವಿನ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, 0.8ಕ್ಕೂ 4.8ಕ್ಕೂ ಮಾತ್ರ ವ್ಯತ್ಯಾಸ ನೋಡಿದೆ.

ಈಗ ರಂಜಕ. ಬಣ್ಣದ ಕಿಟ್‌ನಲ್ಲಿ ಒಂದು ದ್ರಾವಣ ಮಣ್ಣಿನಿಂದ ರಂಜಕ ಬಿಡಿಸುತ್ತೆ, ಇನ್ನೊಂದು ಅದಕ್ಕೆ ನೀಲಿ ಬಣ್ಣ ಬರಿಸುತ್ತೆ. ಹೆಚ್ಚು ನೀಲಿ ಅಂದರೆ ಹೆಚ್ಚು ರಂಜಕ. ನನ್ನ ನಳಿಗೆಯಲ್ಲಿ ಬಣ್ಣವೇ ಇಲ್ಲ ಅನ್ನುವಷ್ಟು ತೆಳು. ಚಾರ್ಟ್ ಪ್ರಕಾರ ತೀರಾ ಕಡಿಮೆ. ಆದರೆ ಆ ತಾಕಿಗೆ ವರ್ಷಗಳಿಂದ ಕೊಟ್ಟಿಗೆ ಗೊಬ್ಬರ ಬಿದ್ದಿದೆ. ನನಗೆ ನಂಬಿಕೆ ಬರಲಿಲ್ಲ.

ಕಿಟ್ಟಿನ ಔಷಧಿ ಹಳೇದಾಗಿದೆಯಾ ಅಂತ ಮೊದಲು ನೋಡಿದೆ. ನೀರಿನಲ್ಲಿ ಕರಗುವ ರಂಜಕದ ಗೊಬ್ಬರದ ಒಂದು ಹರಳನ್ನು ಒಂದು ಲೀಟರ್ ನೀರಿಗೆ ಹಾಕಿ ಕರಗಿಸಿದೆ. ಮಣ್ಣಿಲ್ಲದ ಶುದ್ಧ ದ್ರಾವಣಕ್ಕೆ ಅದರ ಕೆಲವು ಹನಿ ಹಾಕಿ ಬಣ್ಣದ ಔಷಧಿ ಸೇರಿಸಿದೆ. ಕಣ್ಣು ಮಿಟುಕಿಸೋದರೊಳಗೆ ಗಾಢ ನೀಲಿ. ಮಣ್ಣಿನಿಂದ ಸೋಸಿದ ದ್ರಾವಣಕ್ಕೂ ಅದೇ ಹನಿ ಹಾಕಿದೆ, ಅಲ್ಲೂ ನೀಲಿ ಬಂತು. ಅಂದರೆ ಔಷಧಿ ಸರಿ ಇದೆ, ಬಣ್ಣ ಬರೋದಕ್ಕೆ ಅಡ್ಡಿಯೂ ಇಲ್ಲ. ರಂಜಕ ಮಣ್ಣಿನಿಂದ ಹೊರಗೇ ಬರುತ್ತಿಲ್ಲ.

ಆಗ ಪಿಎಚ್ ಕಾಗದದ ಪಟ್ಟಿ ತೆಗೆದೆ. ಕಿಟ್ಟಿನ ಬಿಡಿಸುವ ದ್ರಾವಣ ಬಾಟಲಿಯಲ್ಲಿ 3ರ ಹತ್ತಿರ ಇತ್ತು, ಹುಳಿ. ನನ್ನ ಮಣ್ಣಿನ ಜೊತೆ ಅಲ್ಲಾಡಿಸಿ ಸೋಸಿದ ಮೇಲೆ ಅದೇ ದ್ರಾವಣ 7ರ ಹತ್ತಿರ ಬಂದಿತ್ತು. ವಿಷಯ ಇಲ್ಲೇ ಇತ್ತು. ಹುಳಿಯ ಬಲದಿಂದ ರಂಜಕ ಬಿಡಿಸಬೇಕಾದ ದ್ರಾವಣವನ್ನು ಮಣ್ಣಿನ ಸುಣ್ಣ ಮೊದಲೇ ತಿಂದು ಹಾಕಿತ್ತು. ವಿನೆಗರಿಗೆ ಬಂದ ಗುಳ್ಳೆ ನಳಿಗೆಯಲ್ಲೂ ಬಂದಿತ್ತು, ಅವತ್ತು ನಾನು ಅದನ್ನು ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಗುಳ್ಳೆ ಬಾರದ ಇನ್ನೊಂದು ತಾಕಿನ ಮಣ್ಣಿಗೆ ಅದೇ ಪರೀಕ್ಷೆ ಮಾಡಿದಾಗ ದ್ರಾವಣ ಹುಳಿಯಾಗೇ ಉಳಿಯಿತು, ಬಣ್ಣವೂ ಚೆನ್ನಾಗಿ ಬಂತು.

ಅದೇ ಪುಡಿಯ ಅರ್ಧ ಕಿಲೋ ಪ್ರಯೋಗಾಲಯಕ್ಕೆ ಕಳಿಸಿದೆ. ಓಲ್ಸನ್ ವಿಧಾನದಲ್ಲೇ ರಂಜಕ ನೋಡಿ ಅಂತ ಚೀಟಿ ಬರೆದೆ. ಅದರಲ್ಲಿ ಬಳಸೋದು ಹುಳಿಯಲ್ಲ, ಪಿಎಚ್ 8.5 ಇರುವ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ, ಸುಣ್ಣದ ಮಣ್ಣಿಗೆ ಒಗ್ಗುವಂಥದ್ದು. ವರದಿಯಲ್ಲಿ ಪಿಎಚ್ 8.1, ನನ್ನ ಪೆನ್ನಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ರಂಜಕ ಕಿಲೋಗೆ 19 ಮಿಲಿಗ್ರಾಂ. ಹೆಚ್ಚಿನ ಬೆಳೆಗಳಿಗೆ ಧಾರಾಳವಾಗಿ ಸಾಕು. ಚಾರ್ಟ್ ನಂಬಿ ರಂಜಕದ ಗೊಬ್ಬರ ಸುರಿದಿದ್ದರೆ ಕಬ್ಬಿಣದ ಕೊರತೆ ಇನ್ನೂ ಹೆಚ್ಚುವ ಸಾಧ್ಯತೆ ಇತ್ತು.

ಸಾರಜನಕ ನೋಡುವ ಕಾಗದದ ಪಟ್ಟಿಯದು ಬೇರೆ ಕಥೆ. ಅದು ಅಳೆಯೋದು ನೈಟ್ರೇಟ್, ಸಾರಜನಕದ ಒಂದು ರೂಪ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳೋದಿಲ್ಲ, ಬರೀ ನೀರಿನಲ್ಲೇ ಹೊರಗೆ ಬರುತ್ತೆ. ಹಾಗಾಗಿ ಪಟ್ಟಿ ತೋರಿಸೋದು ಆ ದಿನದ ಮಟ್ಟಿಗೆ ನಿಜವೇ. ಆದರೆ ಒಂದು ಜೋರು ಮಳೆಗೆ ಅದು ಕೆಳಗೆ ಇಳಿದು ಹೋಗುತ್ತೆ. ಒದ್ದೆ ಮಣ್ಣನ್ನು ಬೆಚ್ಚಗಿನ ಕಡೆ ಚೀಲದಲ್ಲಿ ನಾಲ್ಕು ದಿನ ಮರೆತಿದ್ದೆ, 10 ಇದ್ದ ಪಟ್ಟಿ 25 ತೋರಿಸಿತು. ಚೀಲದೊಳಗೆ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸಿದ್ದವು. ತೆಗೆದ ದಿನವೇ ನೋಡಬೇಕು, ಇಲ್ಲವೇ ತಕ್ಷಣ ಒಣಗಿಸಬೇಕು. ಡಬ್ಬಿಯ ಮೇಲಿನ ಅಂಕಿ ನೈಟ್ರೇಟಿನದೋ ಸಾರಜನಕದ್ದೋ ಅನ್ನೋದನ್ನೂ ಓದಿ. ನೈಟ್ರೇಟ್ ಅಂಕಿಯನ್ನು ಸುಮಾರು 4.4ರಿಂದ ಭಾಗಿಸಿದರೆ ಸಾರಜನಕ.

ಹಳದಿ ಎಲೆಯ ಸಂಶಯ ಗಿಡದಲ್ಲೇ ಬಗೆಹರಿಸಿದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಎರಡು ಹನಿ ಸೋಪು. ಇಡೀ ತಾಕಿಗೆ ಅಲ್ಲ, ನಾಲ್ಕು ಗಿಡದ ಹೊಸ ಎಲೆಗಳ ಒಂದೊಂದು ಬದಿಗೆ ಮಾತ್ರ, ಸಂಜೆ ಹೊತ್ತು ಕುಂಚದಿಂದ ಹಚ್ಚಿದೆ. ಆರನೇ ದಿನ ನೋಡಿದಾಗ ಹಚ್ಚಿದ ಬದಿಯಲ್ಲಿ ಹಸಿರು ಚುಕ್ಕೆಗಳು ಎದ್ದಿದ್ದವು. ಹಚ್ಚದ ಬದಿ ಹಾಗೇ ಹಳದಿ.