‘15 ನೈಟ್ 1 ಗಂಟೆಗೆ ಬರ್ತೀವಿ’: ಲಾಡ್ಜ್ ಚಾಟ್‌ನಲ್ಲಿ ನಾನು ಪಾಲಿಸುವ ರೀತಿ

ಕಲಬುರಗಿ ಸ್ಟೇಷನ್ ಹತ್ತಿರ ನಮ್ಮದೊಂದು ಸಣ್ಣ ಲಾಡ್ಜ್ ಇದೆ. ಬುಕಿಂಗ್ ಬಹುಪಾಲು ವಾಟ್ಸಾಪ್‌ನಲ್ಲೇ. ಗೆಸ್ಟ್‌ಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬರೆಯುತ್ತಾರೆ, ಅದೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ. ನಾನೂ ಹಾಗೇ ಮಿಕ್ಸ್ ಮಾಡಿ ಉತ್ತರಿಸುತ್ತೇನೆ. ಶುದ್ಧ ಕನ್ನಡಕ್ಕೆ ಹೋದರೆ ಸರ್ಕಾರಿ ನೋಟಿಸ್ ಥರ ಕಾಣುತ್ತದೆ. ಜಗಳ ಹುಟ್ಟುವುದು ಭಾಷೆಯಿಂದಲ್ಲ, ಗಂಟೆ ಮತ್ತು ತಾರೀಖಿನಿಂದ.

ಗಾಣಗಾಪುರಕ್ಕೆ ಹೋಗುವವರಿಂದ ಈ ಥರದ ಮೆಸೇಜ್ ಬರುತ್ತದೆ: ‘ಸರ್, 15 ನೈಟ್ 1 ಗಂಟೆಗೆ ರೀಚ್ ಆಗ್ತೀವಿ. ಒಂದು ದಿನಕ್ಕೆ ರೂಮ್ ಬೇಕು.’ ಓದಲು ಸಲೀಸಾಗಿದೆ, ಅಲ್ವಾ? ಆದರೆ ನಮ್ಮ ಜನರಿಗೆ ಬೆಳಗಾಗುವ ತನಕ ಹಿಂದಿನ ದಿನವೇ. ರೈಲ್ವೆಗೆ ರಾತ್ರಿ 12 ದಾಟಿದರೆ ಹೊಸ ತಾರೀಖು. ಅವರು ಹೇಳಿದ್ದು 14 ಕಳೆದ ರಾತ್ರಿಯೋ, 15 ಕಳೆದ ರಾತ್ರಿಯೋ? ಟಿಕೆಟ್ ಮೇಲಿನ ದಿನ ನೋಡಿ ಬರೆದಿದ್ದರೂ ನಂಬುವಂತಿಲ್ಲ. ಅಲ್ಲಿ ಎದ್ದು ಕಾಣುವುದು ರೈಲು ಹತ್ತುವ ತಾರೀಖು.

ನಮ್ಮಲ್ಲಿ ಚೆಕ್‌ಔಟ್ ಮಧ್ಯಾಹ್ನ 12ಕ್ಕೆ. ಎಷ್ಟೋ ಲಾಡ್ಜ್‌ಗಳಲ್ಲಿ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ. ಗೆಸ್ಟ್ ತಲೆಯಲ್ಲಿ ಆ ಲೆಕ್ಕವೇ ಇರಬಹುದು. ಗಾಣಗಾಪುರ ಇಲ್ಲಿಂದ ಸುಮಾರು 40 ಕಿಲೋಮೀಟರ್. ಸಂಗಮದಲ್ಲಿ ಸ್ನಾನ, ದರ್ಶನ, ಮಧ್ಯಾಹ್ನದ ಮಧುಕರಿ ಭಿಕ್ಷೆ ಮುಗಿಸಿ ಬರುವಷ್ಟರಲ್ಲಿ ಸಂಜೆಯೇ. ಬ್ಯಾಗ್ ಮಾತ್ರ ರೂಮಿನಲ್ಲಿ. ಆಗ ಎರಡನೇ ದಿನದ ಬಾಡಿಗೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಅದಕ್ಕೆ ನಾನು ‘ಓಕೆ ಸರ್’ ಎನ್ನುವುದಿಲ್ಲ. ಮೊದಲು ಒಂದೇ ಪ್ರಶ್ನೆ: ‘ಯಾವ ಟ್ರೈನ್ ಸರ್? ಕಲಬುರಗಿಗೆ ಯಾವ ದಿನ, ಎಷ್ಟಕ್ಕೆ ಬರುತ್ತೆ?’ ಟಿಕೆಟ್ ಫೋಟೋ ಕೇಳುವುದಿಲ್ಲ. ಅದರಲ್ಲಿ ಮನೆಯವರೆಲ್ಲರ ಹೆಸರು, ವಯಸ್ಸು ಇರುತ್ತದೆ, ನನಗೇಕೆ ಬೇಕು? ಉತ್ತರ ಬಂದ ಮೇಲೆ ಹೀಗೆ ಬರೆಯುತ್ತೇನೆ:

‘ಸರಿ ಸರ್. 15 ಶುಕ್ರವಾರ ರಾತ್ರಿ ಕಳೆದು, 16 ಶನಿವಾರ ಬೆಳಗಿನ ಜಾವ 1 ಗಂಟೆಗೆ ನೀವು ಬರ್ತೀರಿ. ರೂಮ್ ಶುಕ್ರವಾರದ ಲೆಕ್ಕಕ್ಕೆ ಬುಕ್ ಆಗುತ್ತೆ. ಚೆಕ್‌ಔಟ್ ಶನಿವಾರ ಮಧ್ಯಾಹ್ನ 12ಕ್ಕೆ. ಗಾಣಗಾಪುರದಿಂದ ಬರೋದು ಲೇಟ್ ಆದರೆ ಬ್ಯಾಗ್ ರಿಸೆಪ್ಶನ್‌ನಲ್ಲಿ ಇಡಬಹುದು, ಅದಕ್ಕೆ ಚಾರ್ಜ್ ಇಲ್ಲ. ರೂಮೇ ಬೇಕಿದ್ದರೆ ಇನ್ನೊಂದು ದಿನದ ಬಾಡಿಗೆ ಆಗುತ್ತೆ. ಬ್ಯಾಗ್ ಇಡ್ತೀರೋ, ರೂಮ್ ಇಟ್ಕೊಳ್ತೀರೋ ತಿಳಿಸಿ.’

ವಾರದ ಹೆಸರು ಕಡ್ಡಾಯ. ತಾರೀಖು ತಪ್ಪಿದರೂ ವಾರ ಹಿಡಿದುಕೊಡುತ್ತದೆ. ‘ನಾಳೆ’ ಅಂತ ನಾನು ಬರೆಯುವುದೇ ಇಲ್ಲ. ರಾತ್ರಿ ಹನ್ನೆರಡೂವರೆಗೆ ಕಳಿಸಿದ ‘ನಾಳೆ’ ಯಾವ ದಿನ? ‘ಮುಂಜಾನೆ’ಯನ್ನೂ ಗಂಟೆ ಇಲ್ಲದೆ ಬಳಸುವುದಿಲ್ಲ. ನಮ್ಮ ಕಡೆ ಹತ್ತು ಗಂಟೆಯೂ ಮುಂಜಾನೆಯೇ, ಮೈಸೂರಿನವರು ನಸುಕಿನಲ್ಲೇ ಬಂದು ನಿಂತಾರು. ಈ ಉತ್ತರವನ್ನು ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಇಟ್ಟುಕೊಂಡಿದ್ದೇನೆ, ತಾರೀಖು ಮತ್ತು ವಾರದ ಜಾಗ ಖಾಲಿ ಬಿಟ್ಟು. ಹಳೆಯ ದಿನ ಹಾಗೇ ಉಳಿದರೆ ಇನ್ನೊಂದು ರಗಳೆ.

ಕೊನೆಯ ಪ್ರಶ್ನೆಗೆ ಬರೀ ‘ಓಕೆ’ ಅಂತ ಬಂದರೆ ಅದು ಉತ್ತರವಲ್ಲ. ನನ್ನ ಆ ಮೆಸೇಜನ್ನೇ ಪಕ್ಕಕ್ಕೆ ಎಳೆದು, ‘ಬ್ಯಾಗ್ ಇಡೋದು ಅಂತ ಬರೆದುಕೊಳ್ಳಲಾ ಸರ್?’ ಎಂದು ಮತ್ತೆ ಕೇಳುತ್ತೇನೆ. ಎಕ್ಸ್‌ಟ್ರಾ ಬೆಡ್ ವಿಷಯದಲ್ಲೂ ಇಷ್ಟೇ ಹುಷಾರು. ಇಂಗ್ಲಿಷ್ ಅಕ್ಷರದಲ್ಲಿ ‘ಬೆಡ್ಡಾ?’ ಎಂಬ ಪ್ರಶ್ನೆಯೂ ‘ಬೇಡ’ ಎಂಬ ಉತ್ತರವೂ ಒಂದೇ ಥರ ಕಾಣುತ್ತವೆ. ‘ಎಷ್ಟು ಜನ, ಎಷ್ಟು ಹಾಸಿಗೆ’ ಎಂದು ಅಂಕಿಯಲ್ಲೇ ಕೇಳುವುದು ಒಳ್ಳೆಯದು.

ಇಲ್ಲ ಎನ್ನಬೇಕಾದಾಗ ‘ನೋಡ್ತೀನಿ ಸರ್’ ಅಂತ ಜಾರಿಕೊಳ್ಳುವ ಚಾಳಿ ನಮ್ಮಲ್ಲಿ ಜಾಸ್ತಿ. ಎದುರಿಗಿದ್ದರೆ ಮುಖ ನೋಡಿ ತಿಳಿಯುತ್ತಾರೆ. ಚಾಟ್‌ನಲ್ಲಿ ಅದನ್ನು ಹೂಂ ಎಂದೇ ಓದುತ್ತಾರೆ. ಶರಣಬಸವೇಶ್ವರ ಜಾತ್ರೆ ಹೊತ್ತಿನಲ್ಲಿ ಕೇಳಿದರೆ, ‘ಕ್ಷಮಿಸಿ ಸರ್, ಆ ದಿನ ರೂಮ್ ಖಾಲಿ ಇಲ್ಲ. ಯಾರಾದರೂ ಕ್ಯಾನ್ಸಲ್ ಮಾಡಿದರೆ ಬುಧವಾರ ಸಂಜೆ 6ರೊಳಗೆ ಮೆಸೇಜ್ ಮಾಡ್ತೀನಿ. ಮೆಸೇಜ್ ಬರದಿದ್ದರೆ ರೂಮ್ ಇಲ್ಲ ಅಂತಲೇ ತಿಳಿಯಿರಿ’ ಎಂದು ಬರೆಯುತ್ತೇನೆ. ಮೊದಲ ಸಾಲಿನಲ್ಲೇ ‘ಇಲ್ಲ’ ಇರಬೇಕು.

ಮರ್ಯಾದೆಯ ವಿಷಯದಲ್ಲಿ ನಮ್ಮ ‘ರಿ’ ಸ್ವಲ್ಪ ಸೂಕ್ಷ್ಮ. ‘ಬರ್ರಿ’, ‘ಹೇಳ್ರಿ’ ನಮಗೆ ಗೌರವದ ಮಾತು. ಬೆಂಗಳೂರು ಕಡೆಯ ಕೆಲವರಿಗೆ ಬರಹದಲ್ಲಿ ಅದು ಗದರಿದಂತೆ ಕೇಳುತ್ತದೆ. ಹಾಗಾಗಿ ಗುರುತಿಲ್ಲದವರಿಗೆ ‘ಬನ್ನಿ’, ‘ತಿಳಿಸಿ’. ಅವರೇ ‘ಬರ್ತೀವ್ರಿ’ ಎಂದು ಬರೆದರೆ ನಾನೂ ‘ಬರ್ರಿ ಸರ್’. ಹೆಸರು ನೋಡಿ ಸರ್ರೋ ಮೇಡಮ್ಮೋ ಗೊತ್ತಾಗದಿದ್ದರೆ ಸುಮ್ನೆ ‘ನಮಸ್ಕಾರ’ ಸಾಕು.

ಇಷ್ಟಾದರೂ ಮೆಸೇಜ್ ಹಿಂದೆ ಮುಂದೆ ಹೋಗುತ್ತಲೇ ಇದ್ದರೆ ಫೋನ್ ಮಾಡುತ್ತೇನೆ. ಇಟ್ಟ ಕೂಡಲೇ ಮಾತಾಡಿದ್ದನ್ನು ಚಾಟ್‌ನಲ್ಲಿ ಹಾಕುತ್ತೇನೆ: ‘ಈಗ ಫೋನಿನಲ್ಲಿ ಮಾತಾಡಿದಂತೆ, ಒಂದು ರೂಮ್, ಮೂರು ಜನ, ಶನಿವಾರ ಮಧ್ಯಾಹ್ನ 12ಕ್ಕೆ ಚೆಕ್‌ಔಟ್, ಬ್ಯಾಗ್ ರಿಸೆಪ್ಶನ್‌ನಲ್ಲಿ.’ ರಾತ್ರಿ ಪಾಳಿಯ ಹುಡುಗ ಗೇಟ್ ತೆಗೆಯುವಾಗ ಇದನ್ನೇ ನೋಡುತ್ತಾನೆ.