ಕಾಪಿ ನಿಧಾನ: ತಪ್ಪು ತಂತಿಯದೋ ಡಿಸ್ಕಿನದೋ? ಐಪರ್ಫ್‌ನ -F ಹಿಡಿದು ಪತ್ತೆ ಮಾಡಿದ ಬಗೆ

ಎಡಿಟಿಂಗ್ ಪಿಸಿಯಿಂದ ಬ್ಯಾಕಪ್ ಪೆಟ್ಟಿಗೆಗೆ 60 ಜಿಬಿ ವಿಡಿಯೊ ಕಳಿಸಿದರೆ ಮೊದಲ ಕಾಲು ನಿಮಿಷ ಸೆಕೆಂಡಿಗೆ 110 ಎಂಬಿ ಚಿಲ್ಲರೆ, ಆಮೇಲೆ ಜಾರಿ 35ಕ್ಕೆ ಬಂದು ಕೂರುತ್ತಿತ್ತು. ಎರಡೂ ಕಡೆ ಲಿನಕ್ಸ್, ನಡುವೆ ಸಾಮಾನ್ಯ ಗಿಗಾಬಿಟ್ ಸ್ವಿಚ್. ಕೇಳಿದವರೆಲ್ಲ ಹೇಳಿದ್ದು ಒಂದೇ: ಸ್ವಿಚ್ ಬದಲಿಸು, 2.5 ಗಿಗಾಬಿಟ್‌ಗೆ ಹೋಗು. ಸ್ವಿಚ್, ಎರಡು ಕಾರ್ಡ್, ಹೊಸ ಕೇಬಲ್ ಎಲ್ಲ ಸೇರಿ ಹದಿನೈದು ಸಾವಿರದ ಬಾಬ್ತು. ಐಪರ್ಫ್ ಹಾಕಿ ನೋಡೋಣ ಅಂದರೆ, 'ಅದು ನೆಟ್‌ವರ್ಕ್ ಅಳೆಯುವ ಸಾಮಾನು, ಡಿಸ್ಕಿನ ಹಣೆಬರಹ ಅದಕ್ಕೇನು ಗೊತ್ತು' ಅನ್ನುವ ನಗು ಬೇರೆ. ಅದಕ್ಕೆ ಗೊತ್ತು.

ಮೊದಲು ತಂತಿಯ ಲೆಕ್ಕ ಮುಗಿಸಬೇಕು. ಬ್ಯಾಕಪ್ ಕಡೆ `iperf3 -s`, ಪಿಸಿ ಕಡೆ ಇವೆರಡು:

```
iperf3 -c 192.168.1.20 -t 60
iperf3 -c 192.168.1.20 -t 60 -R
```

ಎರಡೂ ದಿಕ್ಕಿನಲ್ಲಿ 941 ಮೆಗಾಬಿಟ್ ಬಂತು. 1500ರ ಎಂಟಿಯು ಇರುವ ಗಿಗಾಬಿಟ್‌ನಲ್ಲಿ ಟಿಸಿಪಿಗೆ ಸಿಗುವುದೇ ಅಷ್ಟು, ಅಂದರೆ ಸುಮಾರು 117 ಎಂಬಿ. ಇಲ್ಲಿ 94 ಮೆಗಾಬಿಟ್ ಕಂಡರೆ ಡಿಸ್ಕಿನ ತಂಟೆಗೆ ಹೋಗಲೇಬೇಡಿ. ಕೇಬಲ್ಲಿನ ಒಂದು ಜೊತೆ ತಂತಿ ಕಡಿದು ಲಿಂಕ್ 100ಕ್ಕೆ ಇಳಿದಿರುತ್ತದೆ, `ethtool` ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ತಂತಿ ಚೊಕ್ಕವಾಗಿತ್ತು. ಹದಿನೈದು ಸಾವಿರ ಅಲ್ಲಿಗೆ ಉಳಿಯಿತು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 'ಹಾಗಾದರೆ ಡಿಸ್ಕೇ' ಅಂದುಬಿಡುತ್ತಾರೆ. ಆದರೆ ಯಾವ ಕಡೆಯ ಡಿಸ್ಕ್? ಓದುವುದೋ ಬರೆಯುವುದೋ? ಅದಕ್ಕೇ `-F` ಇರುವುದು. ಕಳಿಸುವ ಕಡೆ ಕೊಟ್ಟರೆ ಮೆಮೊರಿಯ ಬದಲು ಆ ಫೈಲಿನಿಂದ ಓದಿ ಕಳಿಸುತ್ತದೆ. ಪಡೆಯುವ ಕಡೆ ಕೊಟ್ಟರೆ ಬಂದದ್ದನ್ನು ಬಿಸಾಡದೆ ಆ ಫೈಲಿಗೆ ಬರೆಯುತ್ತದೆ. ಒಂದು ಎಚ್ಚರ: ಪಡೆಯುವ ಕಡೆ ಕೊಟ್ಟ ಹೆಸರಿನ ಫೈಲ್ ಮೊದಲೇ ಇದ್ದರೆ ಅದನ್ನು ಖಾಲಿ ಮಾಡಿಯೇ ಶುರು ಮಾಡುತ್ತದೆ. ಪಿಸಿಯಲ್ಲಿ ಅಸಲಿ ವಿಡಿಯೊ ಹೆಸರು ಕೊಟ್ಟು ಜೊತೆಗೆ `-R` ಹಾಕಿದರೆ ದಿಕ್ಕು ತಿರುಗಿ ಆ ವಿಡಿಯೊ ಹೋಯಿತು ಅಂತಲೇ ಲೆಕ್ಕ.

ಓದುವ ಪರೀಕ್ಷೆಗೆ ಮುಂಚೆ ಕ್ಯಾಶ್ ತೊಳೆಯಬೇಕು, ಇಲ್ಲದಿದ್ದರೆ ರ‍್ಯಾಮಿನಿಂದ ಓದಿ ಡಿಸ್ಕಿಗೆ ಹೊಗಳಿಕೆ ಕೊಟ್ಟ ಹಾಗಾಗುತ್ತದೆ.

```
sync; echo 3 | sudo tee /proc/sys/vm/drop_caches
iperf3 -c 192.168.1.20 -F C0012.MP4 -t 600
```

ಫೈಲ್ ಮುಗಿದಾಗ ಪರೀಕ್ಷೆ ತಾನೇ ನಿಲ್ಲುತ್ತದೆ. ಇಲ್ಲಿ 940 ಬಂತು, ಪಿಸಿಯ ಡಿಸ್ಕ್ ನಿರ್ದೋಷಿ. ಉಳಿದದ್ದು ಬರೆಯುವ ಕಡೆ. ಬ್ಯಾಕಪ್ ಪೆಟ್ಟಿಗೆಯಲ್ಲಿ ಸರ್ವರನ್ನು ನಿಲ್ಲಿಸಿ ಫೈಲ್ ಸಮೇತ ಎಬ್ಬಿಸಿದ್ದು, ಪಿಸಿಯಿಂದ ಬರೀ ಮೆಮೊರಿ:

```
iperf3 -s -F /mnt/backup/test.bin
iperf3 -c 192.168.1.20 -t 600 -i 5
```

ಗುಟ್ಟೆಲ್ಲ ಇರುವುದು ಆ 600ರಲ್ಲಿ. ಐಪರ್ಫ್ ತಾನಾಗಿ ಓಡುವುದು 10 ಸೆಕೆಂಡ್. ಅಷ್ಟರೊಳಗೆ ಬಂದ ಡೇಟಾ ಎಲ್ಲ ಬ್ಯಾಕಪ್ ಪೆಟ್ಟಿಗೆಯ ರ‍್ಯಾಮಿನಲ್ಲೇ ಕೂತಿರುತ್ತದೆ, ಡಿಸ್ಕ್ ಎಷ್ಟೇ ಸೋಮಾರಿಯಾದರೂ ಅಂಕಿ ಚೆನ್ನಾಗಿಯೇ ಬರುತ್ತದೆ. ಆ ಪೆಟ್ಟಿಗೆಯಲ್ಲಿ 8 ಜಿಬಿ ರ‍್ಯಾಮ್. ಬರೆಯದೆ ಬಾಕಿ ಇಟ್ಟುಕೊಳ್ಳಲು ಲಿನಕ್ಸ್ ಬಿಡುವುದು ಅದರಲ್ಲಿ ಸುಮಾರು ಒಂದು ಜಿಬಿ. ಒಳಗೆ 117 ಬಂದು ಡಿಸ್ಕಿಗೆ 35 ಮಾತ್ರ ಹೋದರೆ ಸೆಕೆಂಡಿಗೆ 80 ಎಂಬಿ ಬಾಕಿ ಬೆಳೆಯುತ್ತದೆ, ಅಂದರೆ ಹನ್ನೆರಡು ಹದಿನೈದು ಸೆಕೆಂಡಿಗೆ ತುಂಬಿತು. ಪರದೆಯ ಮೇಲೂ ಹಾಗೇ ಕಂಡಿತು: ಮೊದಲ ಎರಡು ಮೂರು ಸಾಲು 941, ಆಮೇಲೆ 280 ಮೆಗಾಬಿಟ್ ಆಸುಪಾಸು, ಅಂದರೆ ಅದೇ 35 ಎಂಬಿ, ನಡುವೆ ಒಂದೊಂದು ಸಾಲು ಬರೀ ಸೊನ್ನೆ.

ಆ ಸಾಲುಗಳಲ್ಲಿ Retr ಅನ್ನುವ ಕಾಲಂ ನೋಡಿ. ವೇಗ ನೆಲಕಚ್ಚಿದರೂ ಅಲ್ಲಿ 0 ಇತ್ತು. ತಂತಿಯೋ ಸ್ವಿಚ್ಚೋ ಪ್ಯಾಕೆಟ್ ಉದುರಿಸುತ್ತಿದ್ದರೆ ಮತ್ತೆ ಕಳಿಸಿದ ಲೆಕ್ಕ ಅಲ್ಲಿ ಏರಬೇಕು. ಡಿಸ್ಕ್ ಸೋತಾಗ ಪಡೆಯುವವನು ಟಿಸಿಪಿಯ ವಿಂಡೋ ಮುಚ್ಚಿ, ಅಂದರೆ ಇನ್ನು ಜಾಗವಿಲ್ಲ ಅಂತ ತಿಳಿಸಿ, 'ಸ್ವಲ್ಪ ತಡಿ' ಅನ್ನುತ್ತಾನೆ, ಯಾವುದೂ ಕಳೆದುಹೋಗುವುದಿಲ್ಲ. ಇನ್ನೂ ಅನುಮಾನವಿದ್ದರೆ ಪಿಸಿಯ ಇನ್ನೊಂದು ಟರ್ಮಿನಲ್‌ನಲ್ಲಿ `ss -ti dst 192.168.1.20` ಹಾಕಿ. ಅಲ್ಲಿ `rwnd_limited` ಎದುರು ಶೇಕಡಾ 60-70 ಕಂಡರೆ ಪಡೆಯುವ ಕಡೆಯೇ ತಡೆ. ನಿಜವಾದ ಕಾಪಿ ನಡೆಯುವಾಗಲೂ ಇದು ಕೆಲಸ ಮಾಡುತ್ತದೆ.

ಡಿಸ್ಕ್ ಅಳೆಯಲು ಬರೀ `dd` ಸಾಲದೇ ಅಂತ ಕೇಳುವವರಿಗೆ: ತಂತಿ, ಡಿಸ್ಕ್ ಎರಡನ್ನೂ ಬೇರೆ ಬೇರೆ ಅಳೆದರೆ ಕಾಣದ ರೋಗಗಳಿವೆ. ರಾಸ್ಪ್‌ಬೆರಿ ಪೈ 3 ಬಿ ಪ್ಲಸ್‌ನಲ್ಲಿ ಈಥರ್ನೆಟ್ಟೂ ಯುಎಸ್‌ಬಿ ಡಿಸ್ಕೂ ಒಂದೇ ಯುಎಸ್‌ಬಿ 2 ದಾರಿ ಹಂಚಿಕೊಳ್ಳುತ್ತವೆ. ಅದರ ಮೇಲೆ ಪರೀಕ್ಷಿಸಿದಾಗ `dd` ಒಂದೇ ಓಡಿದರೂ ಪರವಾಗಿಲ್ಲ, ಐಪರ್ಫ್ ಒಂದೇ ಓಡಿದರೂ ಪರವಾಗಿಲ್ಲ. `-F` ಸೇರಿಸಿದೊಡನೆ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು.

ಪತ್ತೆಯಾದ ಕಾರಣಕ್ಕೆ ಖರ್ಚು ಸೊನ್ನೆ. ಬ್ಯಾಕಪ್ ಡಿಸ್ಕ್ ಯುಎಸ್‌ಬಿ ಪೆಟ್ಟಿಗೆಯಲ್ಲಿತ್ತು, ಹಳೇ ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಸಿಕ್ಕಿಸಿದ್ದು. `lsusb -t` ಅದರ ಎದುರು 480M ಅಂತ ತೋರಿಸಿತು, ಅಂದರೆ ಯುಎಸ್‌ಬಿ 2. ಹಿಂಬದಿಯ ನೀಲಿ ಪೋರ್ಟಿಗೆ ಹಾಕಿದಾಗ 5000M. ಮತ್ತೆ ಅದೇ ಪರೀಕ್ಷೆ: 15 ಸೆಕೆಂಡ್ ದಾಟಿತು, ಒಂದು ನಿಮಿಷ ದಾಟಿತು, 941 ಕದಲಲಿಲ್ಲ. ನಕ್ಕವರಿಗೆ ಆ ಸಾಲುಗಳನ್ನು ತೋರಿಸಿದ್ದಾಯಿತು.

ಆದರೆ ಮೂರೂವರೆ ನಿಮಿಷದ ಹೊತ್ತಿಗೆ ಮತ್ತೆ ಕುಸಿತ, 150ರಿಂದ 400 ಮೆಗಾಬಿಟ್ ನಡುವೆ ಓಲಾಟ. 25 ಜಿಬಿಯಷ್ಟು ಬರೆದ ಮೇಲೆ. ಡಿಸ್ಕಿನ ಮಾಡೆಲ್ ನಂಬರ್ ಹುಡುಕಿದರೆ ಎಸ್‌ಎಂಆರ್, ಅಂದರೆ ಪಟ್ಟಿಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿ ಬರೆಯುವ ಜಾತಿ. ಅವುಗಳ ಒಳಗಿನ ವೇಗದ ಜಾಗ ತುಂಬುವವರೆಗೆ ಓಟ, ಆಮೇಲೆ ಪಟ್ಟಿಗಳನ್ನು ಮತ್ತೆ ಬರೆಯುವ ಏಗಾಟ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರಲಿಲ್ಲ. 60 ಸೆಕೆಂಡಿನ ಪರೀಕ್ಷೆಗೂ ಇದು ಸಿಗುತ್ತಿರಲಿಲ್ಲ.

ಈ ಡಿಸ್ಕ್ ಎಡೆಬಿಡದೆ ಎಷ್ಟು ತಾಳುತ್ತದೆ ಅಂತ ನೋಡಲು ಕಳಿಸುವ ವೇಗವನ್ನು 200 ಮೆಗಾಬಿಟ್‌ಗೆ ಕಟ್ಟಿಹಾಕುವ `-b 200M` ಕೊಟ್ಟು ಓಡಿಸಿದ್ದುಂಟು. ಆ 200ರಲ್ಲಿ ಗೆರೆ ಎಳೆದ ಹಾಗೆ ಹೋಯಿತು, 300 ಕೊಟ್ಟರೆ ಕೊನೆಕೊನೆಗೆ ತೂಗಾಡಿತು. ರಾತ್ರಿಯ ಆರ್‌ಸಿಂಕ್‌ಗೆ `--bwlimit` ಇಟ್ಟದ್ದು ಈ ಅಂಕಿ ಹಿಡಿದೇ. ಕೊನೆಗೆ ಪಟ್ಟಿ ಮೇಲೆ ಪಟ್ಟಿ ಬರದ ಸಿಎಂಆರ್ ಡಿಸ್ಕ್ ಒಂದನ್ನು ಹತ್ತು ಸಾವಿರದ ಆಸುಪಾಸಿಗೆ ತಂದು ಹಾಕಿದ್ದು, ಹಳೆಯದು ಮುಟ್ಟದ ಆರ್ಕೈವ್‌ಗೆ ಹೋಯಿತು. ಹೊಸದರಲ್ಲಿ ಹತ್ತು ನಿಮಿಷವೂ 941.

ಐಪರ್ಫ್‌ಗೆ ಕಾಣದ್ದೂ ಇದೆ. ಅದು 128 ಕೆಬಿ ತುಂಡುಗಳಲ್ಲಿ ಒಂದೇ ಉದ್ದದ ಫೈಲ್ ಬರೆಯುತ್ತದೆ. ಸಾವಿರಾರು ಸಣ್ಣ ಜೆಪೆಗ್ ಕಳಿಸುವಾಗ ಪ್ರತಿ ಫೈಲಿಗೂ ತೆರೆ, ಮುಚ್ಚು, ಒಪ್ಪಿಗೆಗೆ ಕಾಯಿ ಅನ್ನುವ ಕೆಲಸ ಅದರ ಲೆಕ್ಕಕ್ಕೆ ಬರುವುದಿಲ್ಲ. ಅದೇ ಫೋಟೊಗಳನ್ನು ಟಾರ್ ಮಾಡಿ ಒಂದೇ ಫೈಲಾಗಿ ಕಳಿಸಿ ಹೋಲಿಸಿದರೆ ಗೊತ್ತಾಗುತ್ತದೆ. ಹಾಗೆಯೇ ಪೈ 4ರಂಥ, ಎಇಎಸ್ ಲೆಕ್ಕಕ್ಕೆ ಪ್ರತ್ಯೇಕ ಸೌಲಭ್ಯ ಇಲ್ಲದ ಪ್ರೊಸೆಸರ್‌ಗೆ ಎಸ್‌ಸಿಪಿ ಮಾಡಿದರೆ ಎನ್‌ಕ್ರಿಪ್ಷನ್ನೇ ಕತ್ತು ಹಿಸುಕುತ್ತದೆ. ಆಗ `top`ನಲ್ಲಿ `sshd` ಒಂದು ಕೋರನ್ನು ಪೂರ್ತಿ ನುಂಗಿರುತ್ತದೆ.

ಎಲ್ಲ ಮುಗಿದ ಮೇಲೆ `test.bin` ಅಳಿಸಿ. ಹತ್ತು ನಿಮಿಷ 941ರಲ್ಲಿ ಓಡಿದರೆ ಅದು 70 ಜಿಬಿ.