ಸ್ವಾಪ್‌ನಲ್ಲಿ ಸೋರುತ್ತಿದ್ದ ಹಣ ನಿಂತದ್ದು ಹೀಗೆ

ಒಂದು ಕ್ರಿಪ್ಟೋ ಟೋಕನ್ ಕೊಟ್ಟು ಇನ್ನೊಂದು ಪಡೆಯುವ ಸ್ವಾಪ್ ಯಶಸ್ವಿ ಎಂದು ಬರುತ್ತದೆ, ಆದರೆ ಕೈಗೆ ಸಿಗುವುದು ಪ್ರತಿ ಸಲವೂ ನಾವು ಒಪ್ಪಿದ ಕನಿಷ್ಠ ಮಿತಿಯಷ್ಟೇ. ಇದು ಸ್ಯಾಂಡ್‌ವಿಚ್ ದಾಳಿಯ ಗುರುತು. ಖಚಿತಪಡಿಸಿಕೊಳ್ಳಲು ಎಕ್ಸ್‌ಪ್ಲೋರರ್‌ನಲ್ಲಿ ಅದೇ ಬ್ಲಾಕ್ ತೆರೆದೆ: ನನ್ನ ವಹಿವಾಟಿನ ಹಿಂದೆ ಮುಂದೆ ಒಂದೇ ಕಾಂಟ್ರಾಕ್ಟ್, ಅದೇ ಪೂಲ್‌ನಲ್ಲಿ ಮೊದಲು ಕೊಂಡು ಆಮೇಲೆ ಮಾರಿತ್ತು.

ಲೆಕ್ಕ ನೋಡಿ. 1,000 ETH ಮತ್ತು 20 ಲಕ್ಷ USDC ಇರುವ ಪೂಲ್‌ಗೆ 20,000 USDC ಹಾಕಿದರೆ, ಶುಲ್ಕವನ್ನು ಲೆಕ್ಕಿಸದೆ, 9.90 ETH ಬರಬೇಕು. ಸ್ಲಿಪೇಜ್ 3% ಇಟ್ಟರೆ 9.60 ಬಂದರೂ ಒಪ್ಪಿಗೆ ಎಂದರ್ಥ. ದಾಳಿಕೋರನ ಬಾಟ್ ಮೊದಲೇ ಸುಮಾರು 30,800 USDC ಸುರಿದು ಬೆಲೆಯನ್ನು ಆ ಅಂಚಿಗೆ ತಳ್ಳುತ್ತದೆ, ನಿಮ್ಮ ಖರೀದಿಯಾದ ಕೂಡಲೇ ಮಾರುತ್ತದೆ. ನಿಮ್ಮ ಕೈಯಿಂದ ಹೋಗುವುದು 0.30 ETH. ಸ್ಲಿಪೇಜ್ 0.5% ಆದರೆ ನಷ್ಟ 0.05ಕ್ಕೆ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಇನ್ನೂ ಬಿಗಿ ಮಾಡಿದರೆ ವಹಿವಾಟು ವಿಫಲವಾಗಿ ಗ್ಯಾಸ್ ವ್ಯರ್ಥವಾಗಬಹುದು.

ಮೂಲ ಕಾರಣ, ಬ್ಲಾಕ್ ಸೇರುವ ಮುನ್ನ ಕಾಯುವ ಸಾರ್ವಜನಿಕ ಮೆಂಪೂಲ್‌ನಲ್ಲಿ ವಹಿವಾಟು ಎಲ್ಲರಿಗೂ ಕಾಣುವುದು. ಆದ್ದರಿಂದ ವ್ಯಾಲೆಟ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಥೀರಿಯಂ ಮೇನ್‌ನೆಟ್‌ಗೆ (ಚೈನ್ ಐಡಿ 1) ಆ ಮೆಂಪೂಲ್ ತಪ್ಪಿಸಿ ವಹಿವಾಟು ಕಳಿಸುವ ಖಾಸಗಿ RPC ವಿಳಾಸ ಹಾಕಿದೆ:

```
https://rpc.flashbots.net
```

ಸ್ಲಿಪೇಜ್ 0.5% ಉಳಿಸಿಕೊಂಡೆ. ಈ ದಾರಿಯಲ್ಲಿ ಬ್ಲಾಕ್ ಸೇರುವುದು ಕೆಲವೊಮ್ಮೆ ತಡವಾಗುತ್ತದೆ. ಆಗ ಅವಸರಪಟ್ಟು ಸಾರ್ವಜನಿಕ RPCಯಿಂದ ಮತ್ತೆ ಕಳಿಸಬೇಡಿ, ರಕ್ಷಣೆ ಅಲ್ಲಿಗೇ ಮುಗಿಯುತ್ತದೆ.